ಎಫ್‌ಡಿ ಬಡ್ಡಿಯ ಮೇಲಿನ ತೆರಿಗೆ ಮತ್ತು ಕಾಯುವವರ ಲೆಕ್ಕ

ಪ್ರಶ್ನೆ: ಸಂಬಳಕ್ಕೆ ತೆರಿಗೆ ಕಟ್ಟಿ ಉಳಿಸಿದ ದುಡ್ಡನ್ನೇ ಎಫ್‌ಡಿಯಲ್ಲಿ ಇಟ್ಟಿದ್ದೇನೆ. ಅದರ ಬಡ್ಡಿಗೂ ತೆರಿಗೆ ಅಂದರೆ ಒಂದೇ ಆದಾಯಕ್ಕೆ ಎರಡು ಸಲ ಕಟ್ಟಿದ ಹಾಗಲ್ಲವೇ?

ಕಾನೂನಿನ ದೃಷ್ಟಿಯಲ್ಲಿ ಅಲ್ಲ. ಬಡ್ಡಿಯನ್ನು ಅದು ಹೊಸ ಆದಾಯವೆಂದು ಎಣಿಸುತ್ತದೆ, ಅಸಲಿನ ಮೇಲೆ ಮತ್ತೆ ತೆರಿಗೆ ಕೇಳುವುದಿಲ್ಲ. ಆದರೆ ಗಳಿಸಿದ್ದನ್ನು ಎಂದಾದರೊಂದು ದಿನ ಖರ್ಚು ಮಾಡುವವರ ದೃಷ್ಟಿಯಿಂದ ನೋಡಿದರೆ ನಿಮ್ಮ ಅನುಮಾನ ಸರಿಯೆಂದೇ ನಾನು ತಿಳಿದಿದ್ದೇನೆ.

ಅಕ್ಕ ತಂಗಿ ಇಬ್ಬರೂ 1 ಲಕ್ಷ ರೂಪಾಯಿ ಗಳಿಸಿ, ಸೆಸ್ ಬಿಟ್ಟು ಶೇ. 30ರಷ್ಟು ತೆರಿಗೆ ಕಟ್ಟಿದರೆಂದು ಇಟ್ಟುಕೊಳ್ಳೋಣ. ಅಕ್ಕ ಉಳಿದ 70,000ವನ್ನು ಈ ವರ್ಷವೇ ಖರ್ಚು ಮಾಡುತ್ತಾಳೆ. ತಂಗಿ ಅದನ್ನು ಶೇ. 7ರ ಬಡ್ಡಿಗೆ ಇಡುತ್ತಾಳೆ. ಮೊದಲ ವರ್ಷ ಬಂದ 4,900 ರೂಪಾಯಿ ಬಡ್ಡಿಯಲ್ಲಿ 1,470 ತೆರಿಗೆಗೆ ಹೋಗಿ 3,430 ಉಳಿಯುವುದರಿಂದ, ಅವಳ ಹಣ ಬೆಳೆಯುವುದು ಶೇ. 4.9ರ ದರದಲ್ಲಿ ಮಾತ್ರ. 20 ವರ್ಷಕ್ಕೆ ಅವಳ ಕೈಗೆ ಸುಮಾರು 1.82 ಲಕ್ಷ ಬರುತ್ತದೆ. ಯಾವ ತೆರಿಗೆಯೂ ಇಲ್ಲದಿದ್ದರೆ ಆ 1 ಲಕ್ಷ 3.87 ಲಕ್ಷವಾಗುತ್ತಿತ್ತು. ಅಂದರೆ ಅಕ್ಕ ಖರ್ಚು ಮಾಡಬಹುದಾಗಿದ್ದರಲ್ಲಿ ಶೇ. 30 ತೆರಿಗೆಗೆ ಹೋದರೆ, ತಂಗಿಯದರಲ್ಲಿ ಸುಮಾರು ಶೇ. 53 ಹೋಯಿತು. ಸಂಬಳ ಒಂದೇ, ಸ್ಲ್ಯಾಬ್ ಒಂದೇ; ತಂಗಿ ಕಾದಳು ಎಂಬುದೊಂದೇ ವ್ಯತ್ಯಾಸ. ಇನ್ನಷ್ಟು ವರ್ಷ ಕಾದರೆ ಈ ಪಾಲು ಇನ್ನೂ ಏರುತ್ತದೆ, ಮತ್ತು ನನಗೆ ಅನ್ಯಾಯವೆನಿಸುವುದು ಇದೇ.

ಆದಾಯದ ಬದಲು ಖರ್ಚಿನ ಮೇಲೆ ಹಾಕುವ ಬಳಕೆ ತೆರಿಗೆಯಲ್ಲಿ ಉಳಿಸುವಾಗ ಏನನ್ನೂ ಕಟ್ಟಬೇಕಿಲ್ಲ. ತಂಗಿಯ 1 ಲಕ್ಷ ಪೂರ್ತಿ ಬೆಳೆದು 3.87 ಲಕ್ಷವಾಗುತ್ತದೆ, ತೆಗೆದು ಖರ್ಚು ಮಾಡುವಾಗ ಶೇ. 30 ಕಟ್ಟಿದರೆ ಸುಮಾರು 2.71 ಲಕ್ಷ ಉಳಿಯುತ್ತದೆ. ಮೊದಲೇ ತೆರಿಗೆ ಕಟ್ಟಿ, ಬಡ್ಡಿಯನ್ನು ಮುಟ್ಟದೆ ಬಿಟ್ಟರೂ 70,000 ಬೆಳೆದು ನಿಲ್ಲುವುದು ಅದೇ 2.71 ಲಕ್ಷಕ್ಕೆ. ತೆರಿಗೆಯನ್ನು ಬಿತ್ತುವಾಗ ತೆಗೆದರೂ ಕೊಯ್ಯುವಾಗ ತೆಗೆದರೂ ಫಲ ಒಂದೇ; ಎರಡೂ ಕಡೆ ತೆಗೆದಾಗ ಮಾತ್ರ ಉಳಿಸಿದವರಿಗೆ ಪೆಟ್ಟು. ಹೊಸ ತೆರಿಗೆ ಪದ್ಧತಿಯಲ್ಲಿ ಪಿಪಿಎಫ್ ನಡೆಯುವುದು ಹೀಗೆಯೇ: ಹೂಡಿಕೆಗೆ ವಿನಾಯಿತಿಯಿಲ್ಲ, ಬಡ್ಡಿಗೆ ತೆರಿಗೆಯೂ ಇಲ್ಲ, ಆದರೆ ಇಡಬಹುದಾದದ್ದು ವರ್ಷಕ್ಕೆ 1.5 ಲಕ್ಷ ಮಾತ್ರ. (ಜಿಎಸ್‌ಟಿಯೂ ಬಳಕೆ ತೆರಿಗೆಯೇ; ದರ ಬದಲಾಗದಿದ್ದರೆ ಅದು ಅಕ್ಕ ತಂಗಿಯರ ನಡುವೆ ಭೇದ ಮಾಡುವುದಿಲ್ಲ.)

ಈ ವಾದಕ್ಕೊಂದು ಮಿತಿಯೂ ಇದೆ. ಬಡ್ಡಿಯಂಥ ಸಾಧಾರಣ ಪ್ರತಿಫಲ ಕಾದದ್ದಕ್ಕೆ ಸಿಗುವ ಬೆಲೆ. ಆದರೆ ಷೇರೊಂದು ಅದೃಷ್ಟದಿಂದಲೋ, ಕಂಪನಿಯ ಏಕಸ್ವಾಮ್ಯದಿಂದಲೋ ಹತ್ತು ಪಟ್ಟಾದರೆ ಆ ಲಾಭವನ್ನು ಕೇವಲ ಕಾದದ್ದರ ಬೆಲೆ ಎನ್ನಲಾಗದು. ಮೊದಲೇ ತೆಗೆದ ತೆರಿಗೆ ಅಂಥ ಲಾಭವನ್ನು ಮುಟ್ಟುವುದೇ ಇಲ್ಲ. ಖರ್ಚಿನ ಹೊತ್ತಿನಲ್ಲಿ ಹಾಕುವ ತೆರಿಗೆ ಅದರಲ್ಲೂ ಪಾಲು ಪಡೆಯುತ್ತದೆ. ಆದ್ದರಿಂದ ನಾನು ಎರಡನೆಯದರ ಪರ.

ನಮ್ಮ ದೇಶ ಇದನ್ನು ಪ್ರಯತ್ನಿಸಿಯೂ ಇದೆ. ಅರ್ಥಶಾಸ್ತ್ರಜ್ಞ ನಿಕೊಲಸ್ ಕಾಲ್ಡರ್ ಅವರ ಸಲಹೆಯಂತೆ 1957ರಲ್ಲಿ ಬಂದ ವೆಚ್ಚ ತೆರಿಗೆಯನ್ನು 1962ರಲ್ಲಿ ಕೈಬಿಟ್ಟು, 1964ರಲ್ಲಿ ಮತ್ತೆ ತಂದು, 1966ರಲ್ಲಿ ರದ್ದುಮಾಡಲಾಯಿತು. ಆದರೆ ಅದು ಆದಾಯ ತೆರಿಗೆಯ ಬದಲಿಗೆ ಬಂದದ್ದಲ್ಲ, ಅದರ ಜೊತೆಗೆ ಬಂದದ್ದು. ಹೀಗಾಗಿ ಅದು ಜಾರಿಯಲ್ಲಿದ್ದಾಗಲೂ ಬಡ್ಡಿಯ ಮೇಲಿನ ತೆರಿಗೆ ಹಾಗೆಯೇ ಉಳಿದಿತ್ತು.