ಕ್ಯಾನ್ಸರಿಗೆ ಲಕ್ಷ್ಮಣ ಫಲ ಕೀಮೋಗಿಂತ 10,000 ಪಟ್ಟು ಪರಿಣಾಮಕಾರಿ ಅಂತೆ, ನಿಜಾನಾ?

"ವಾಟ್ಸಾಪಲ್ಲಿ ಬಂದಿದೆ, ವಿಜ್ಞಾನಿಗಳೇ ಸಾಬೀತು ಮಾಡಿದಾರಂತೆ. ಅತ್ತೆಗೆ ಕೊಡಬಹುದಾ?"

ಆ 10,000 ಅನ್ನೋ ನಂಬರ್ ಸುಳ್ಳಲ್ಲ, ಅದಕ್ಕೇ ಜನ ಮೋಸ ಹೋಗೋದು. 1996ರಲ್ಲಿ ಅಮೆರಿಕದ ಪರ್ಡ್ಯೂ ಯೂನಿವರ್ಸಿಟಿಯವ್ರು ಈ ಗಿಡದ ಬೀಜದಿಂದ ಒಂದು ರಾಸಾಯನಿಕ ಬೇರ್ಪಡಿಸಿ, ಲ್ಯಾಬಲ್ಲಿ ಬೆಳೆಸಿದ್ದ ದೊಡ್ಡ ಕರುಳಿನ ಕ್ಯಾನ್ಸರ್ ಕೋಶಗಳ ಮೇಲೆ ಹಾಕಿದ್ರು, ಅಡ್ರಿಯಾಮೈಸಿನ್ ಅನ್ನೋ ಒಂದೇ ಕೀಮೋ ಔಷಧಿ ಜೊತೆ ಹೋಲಿಸಿದ್ರು, ಆ 10,000 ಪಟ್ಟು ಬಂದಿದ್ದು ಅಲ್ಲಿಂದ. ಪೋಸ್ಟಲ್ಲಿ ಬೀಜ ಹೋಗಿ ಹಣ್ಣಾಯ್ತು, ಒಂದು ಔಷಧಿ ಹೋಗಿ ಇಡೀ "ಕೀಮೋ" ಆಯ್ತು, ಲ್ಯಾಬಿನ ಕೋಶ ಹೋಗಿ ರೋಗಿ ಆದ್ರು. ಇನ್ನು ಆ "ಪಟ್ಟು" ಅಂದ್ರೆ ಅಷ್ಟೇ ಕೋಶ ಕೊಲ್ಲೋಕೆ ಅಷ್ಟು ಕಮ್ಮಿ ಪ್ರಮಾಣ ಸಾಕು ಅಂತ, ಅಷ್ಟು ಪಟ್ಟು ಜನ ವಾಸಿಯಾದ್ರು ಅಂತಲ್ಲ ಕಣ್ರೀ. ಬ್ಲೀಚ್ ಹಾಕಿದ್ರೂ ಲ್ಯಾಬಲ್ಲಿ ಕ್ಯಾನ್ಸರ್ ಕೋಶ ಸಾಯತ್ತೆ.

ಇಂಥ ಪೋಸ್ಟಲ್ಲಿ "ಔಷಧಿ ಕಂಪನಿಗಳು ಮುಚ್ಚಿಟ್ಟಿವೆ" ಅಂತಾನೂ ಇರತ್ತಲ್ಲ, ಆ ಸಂಶೋಧನೆ ಅದೇ ವರ್ಷ ಜರ್ನಲಲ್ಲಿ ಬಹಿರಂಗವಾಗೇ ಪ್ರಕಟ ಆಗಿತ್ತು. ಮನುಷ್ಯರಲ್ಲಿ ಇದ್ರಿಂದ ಕ್ಯಾನ್ಸರ್ ವಾಸಿಯಾಗತ್ತೆ ಅಂತ ತೋರಿಸಿದ ಟ್ರಯಲ್ ಇಲ್ಲ.

ಅತ್ತೆಯವ್ರು ಆಸೆಪಟ್ರೆ ಒಂದೆರಡು ತೊಳೆ ಹಣ್ಣಿನ ಬಗ್ಗೆ ಅವ್ರ ಆಂಕಾಲಜಿಸ್ಟ್ ಹತ್ರ ಕೇಳಿ, ಆದ್ರೆ ದಿನಾ ಎಲೆ ಕಷಾಯ, ಬೀಜದ ಪುಡಿ ಬೇಡ್ವೇ ಬೇಡ, ಕೆರಿಬಿಯನ್ ಸಮುದ್ರದ ಗ್ವಾಡೆಲೂಪ್ ದ್ವೀಪದಲ್ಲಿ ಇದನ್ನ ಜಾಸ್ತಿ ಬಳಸೋರಲ್ಲಿ ಪಾರ್ಕಿನ್ಸನ್ ಥರದ ನರದ ತೊಂದ್ರೆ ಕಂಡಿದೆ. ಕೀಮೋ ಮಾತ್ರ ದಯವಿಟ್ಟು ನಿಲ್ಲಿಸಬೇಡಿ.