ತೆಲುಗಿನಲ್ಲಿ ಮೇಲ್ ಬರೆಯುವಾಗ ಕನ್ನಡಿಗರು ಎಡವುವ ಪದಗಳು

ಪ್ರಶ್ನೆ: ನಾನು ಬೆಂಗಳೂರಿನಲ್ಲಿದ್ದೇನೆ. ಹೈದರಾಬಾದಿನ ವ್ಯಾಪಾರಿಗಳಿಗೆ ತೆಲುಗಿನಲ್ಲೇ ಮೇಲ್ ಬರೆಯಬೇಕಾಗುತ್ತದೆ. ತೆಲುಗು ಮಾತಾಡಲು ಬರುತ್ತದೆ, ಬರೆಯುವಾಗ ಕನ್ನಡದ ಪದಗಳೇ ನುಗ್ಗುತ್ತವೆ. ಎರಡರಲ್ಲೂ ಒಂದೇ ಥರ ಇದ್ದು ಅರ್ಥ ಬೇರೆಯಾಗುವ ಪದಗಳು ಯಾವುವು?

ಮೊದಲು ತಿದ್ದಿಕೊಳ್ಳಬೇಕಾದದ್ದು ‘ನೀವು’. ಕನ್ನಡದಲ್ಲಿ ಅದು ಗೌರವದ ಮಾತು, ತೆಲುಗಿನಲ್ಲಿ ‘ನೀವು’ ಎಂದರೆ ನೀನು. ದೇವರಿಗೆ, ಮಕ್ಕಳಿಗೆ, ತೀರಾ ಹತ್ತಿರದವರಿಗೆ ಹೇಳುವ ‘ನುವ್ವು’ ಎಂಬುದರ ಬರಹದ ರೂಪ ಅದು. ಮಾತಾಡುವಾಗ ‘ಮೀರು’ ಎಂದೇ ಬಾಯಿಗೆ ಬರುತ್ತದೆ, ಆದರೆ ಬರೆಯಲು ಕೂತಾಗ ಗ್ರಾಂಥಿಕವಾಗಿರಲಿ ಎಂದು ಹೊರಟವರು ‘ನೀವು’ ಹಾಕಿಬಿಡುತ್ತಾರೆ. ಮೇಲ್‌ನಲ್ಲಿ ಬೇಕಾದದ್ದು ಮೀರು, ಮೀ, ಮೀಕು. ನೀ, ನೀಕು ಎಂದು ಬರೆದರೆ ನಿನ್ನ, ನಿನಗೆ ಎಂದಾಗುತ್ತದೆ.

ಇದರ ಜೊತೆಗೇ ಬರುವ ತಪ್ಪು ಕ್ರಿಯಾಪದದ ಕೊನೆಯಲ್ಲಿದೆ. ಕನ್ನಡದ ‘ಕಳಿಸಿ’ಗೆ ಎರಡು ಕೆಲಸ: ‘ದಯವಿಟ್ಟು ಕಳಿಸಿ’ ಎಂಬಲ್ಲಿ ಕೋರಿಕೆ, ‘ಕಳಿಸಿ ಬಂದೆ’ ಎಂಬಲ್ಲಿ ಮುಗಿದ ಕೆಲಸ. ತೆಲುಗಿನ ‘ಪಂಪಿಂಚಿ’ಗೆ ಎರಡನೆಯದು ಮಾತ್ರ ಗೊತ್ತು. ‘ದಯಚೇಸಿ ಬಿಲ್ಲು ಪಂಪಿಂಚಿ’ ಎಂದು ನಿಲ್ಲಿಸಿದರೆ ಓದುವವರು ಮುಂದಿನ ಮಾತಿಗೆ ಕಾಯುತ್ತಾರೆ. ಬರೆಯಬೇಕಾದದ್ದು ‘ಪಂಪಿಂಚಂಡಿ’. ‘ಅಂಡಿ’ ಇಲ್ಲದ ಕೋರಿಕೆ ಮೇಲ್‌ಗೆ ಸಲ್ಲದು.

ವ್ಯವಹಾರವನ್ನೇ ಕೆಡಿಸುವುದು ಒಂದಕ್ಕೊಂದು ಕೊಂಡಿ ಹಾಕಿಕೊಂಡ ಮೂರು ಪದಗಳು: ಅವಸರ, ತೊಂದರೆ, ಇಬ್ಬಂದಿ. ತೆಲುಗಿನ ‘ಅವಸರಂ’ ಎಂದರೆ ಅಗತ್ಯ. ನಮ್ಮ ಅವಸರಕ್ಕೆ ಅಲ್ಲಿ ‘ತೊಂದರ’ ಎನ್ನುತ್ತಾರೆ. ನಮ್ಮ ತೊಂದರೆಗೆ ‘ಇಬ್ಬಂದಿ’ ಎನ್ನುತ್ತಾರೆ. ಆ ‘ಇಬ್ಬಂದಿ’ ಕನ್ನಡದಲ್ಲಿ ಅತ್ತ ದರಿ ಇತ್ತ ಪುಲಿ ಎಂಬಂಥ ಸಂಕಟ. ಒಂದನ್ನು ಸರಿ ಮಾಡಲು ಹೋದರೆ ಪಕ್ಕದ್ದು ಕಾಲಿಗೆ ತೊಡರುತ್ತದೆ, ಹಾಗಾಗಿ ಮೂರನ್ನೂ ಒಟ್ಟಿಗೇ ಕಲಿಯಬೇಕು.

ಬರೆಯುವಾಗಿನ ತಪ್ಪಿಗಿಂತ ಓದುವಾಗಿನ ತಪ್ಪು ಇಲ್ಲಿ ಹೆಚ್ಚು ನಷ್ಟ ಮಾಡುತ್ತದೆ. ‘ರೆಂಡೋ ಲಾಟ್ ಪಂಪಾಲ್ಸಿನ ಅವಸರಂ ಲೇದು’ ಎಂದು ಅವರು ಬರೆದರೆ ಎರಡನೇ ಲಾಟ್ ಬೇಕಿಲ್ಲ ಎಂದರ್ಥ. ಕನ್ನಡಿಗರು ಅದನ್ನು ‘ಅವಸರವೇನಿಲ್ಲ, ನಿಧಾನಕ್ಕೆ ಕಳಿಸಿ’ ಎಂದು ಓದಿಕೊಂಡು ಮುಂದಿನ ವಾರ ಮಾಲು ಲೋಡ್ ಮಾಡುತ್ತಾರೆ. ಹಾಗೆಯೇ ‘ತೊಂದರಪಡಕಂಡಿ’ ಎಂಬ ಮಾತು ‘ನೀವು ತೊಂದರೆ ತಗೋಬೇಡಿ, ನಾವೇ ಮಾಡಿಕೊಳ್ಳುತ್ತೇವೆ’ ಎಂಬ ಸೌಜನ್ಯದಂತೆ ಕಾಣುತ್ತದೆ. ನಿಜಕ್ಕೆ ಅವರು ಹೇಳಿದ್ದು ಆತುರಪಡಬೇಡಿ ಎಂದು. ಕೆಲಸ ಮಾತ್ರ ನಿಮ್ಮ ಮೇಲೆಯೇ ಇದೆ. ಒಂದು ವಿಶೇಷವಿದೆ: ಮುಂದೆ ‘ಅತಿ’ ಸೇರಿ ‘ಅತ್ಯವಸರಂ’ ಆದಾಗ ತೆಲುಗಿನಲ್ಲೂ ತುರ್ತು ಎಂಬ ಅರ್ಥವೇ ಬರುತ್ತದೆ. ತುರ್ತು ಪರಿಸ್ಥಿತಿಗೆ ಅಲ್ಲಿ ‘ಅತ್ಯವಸರ ಪರಿಸ್ಥಿತಿ’ ಎನ್ನುತ್ತಾರೆ. ಆದರೆ ಒಂದು ಬಿಲ್ಲಿಗೆ ಅಷ್ಟು ದೊಡ್ಡ ಮಾತು ಬೇಡ, ‘ವೆಂಟನೇ’ ಸಾಕು.

ಹೀಗಾಗಲು ಕಾರಣ ಸಂಸ್ಕೃತದ ಸಾಲ. ‘ಅವಸರ’ ಅಲ್ಲಿ ಸಂದರ್ಭ, ಸಮಯ. ಸಮಯ ಒತ್ತುತ್ತಿದೆ ಎಂಬುದನ್ನು ಕನ್ನಡ ಹಿಡಿದುಕೊಂಡಿತು, ಆ ಸಮಯಕ್ಕೆ ಬೇಕಾದದ್ದು ಎಂಬುದನ್ನು ತೆಲುಗು ಹಿಡಿದುಕೊಂಡಿತು. ‘ಆಲಸ್ಯ’ದ ಕಥೆಯೂ ಇದೇ ಜಾತಿಯದು. ಸಂಸ್ಕೃತದಲ್ಲೂ ಕನ್ನಡದಲ್ಲೂ ಅದು ಸೋಮಾರಿತನ, ತೆಲುಗಿನಲ್ಲಿ ದಿನಬಳಕೆಯ ಅರ್ಥ ತಡ. ‘ಆಲಸ್ಯಾನಿಕಿ ಕ್ಷಮಿಂಚಂಡಿ’ ಎಂದು ಅವರು ಬರೆದರೆ ತಡವಾದದ್ದಕ್ಕೆ ಕ್ಷಮೆ ಕೇಳಿದ್ದಾರೆ. ನೀವೂ ಸಂಕೋಚವಿಲ್ಲದೆ ಹಾಗೇ ಬರೆಯಬಹುದು. ‘ಮೀ ಆಲಸ್ಯಂ ವಲ್ಲ’ ಎಂದು ಓದಿದಾಗ ನಮ್ಮನ್ನು ಸೋಮಾರಿ ಎಂದರು ಎಂದು ಸಿಟ್ಟಾಗಬೇಡಿ.

ಮೇಲ್‌ನ ಕೊನೆಯ ಸಾಲಿನಲ್ಲಿ ‘ಉತ್ತರ’ ಕಾದಿರುತ್ತದೆ. ಈಗಿನ ತೆಲುಗಿನಲ್ಲಿ ಬರಿಯ ‘ಉತ್ತರಂ’ ಎಂದರೆ ಕಾಗದ, ಅಂಚೆಯಲ್ಲಿ ಬರುವಂಥದ್ದು. ಉತ್ತರಕ್ಕೆ ‘ಜವಾಬು’ ಅಥವಾ ‘ಸಮಾಧಾನಂ’. ಈ ಸಮಾಧಾನಕ್ಕೂ ಮನಸ್ಸಿನ ನೆಮ್ಮದಿಗೂ ಸಂಬಂಧವಿಲ್ಲ. ‘ಮೀ ಸಮಾಧಾನಂ ಇಂಕಾ ರಾಲೇದು’ ಎಂದರೆ ನಿಮ್ಮ ಉತ್ತರ ಇನ್ನೂ ಬಂದಿಲ್ಲ ಎಂದು, ಅಷ್ಟೇ. ‘ಪ್ರತ್ಯುತ್ತರಂ’ ಎಂದರೆ ಎರಡೂ ಕಡೆ ಸಲ್ಲುತ್ತದೆ.

ಈಗ ಒಂದು ಮೇಲ್ ಇಟ್ಟುಕೊಂಡು ನೋಡೋಣ. ಹೇಳಬೇಕಾದದ್ದು: ನೀವು ಕಳಿಸಿದ ಬಿಲ್ ನೋಡಿದೆ, ತಿದ್ದಿದ ಪ್ರತಿ ಅವಸರವಾಗಿ ಬೇಕು, ಏನಾದರೂ ತೊಂದರೆ ಇದ್ದರೆ ಹೇಳಿ, ನಿಮ್ಮ ಉತ್ತರಕ್ಕೆ ಕಾಯುತ್ತಿರುತ್ತೇನೆ. ಕನ್ನಡದ ತಲೆಯಿಂದ ಬರುವ ತೆಲುಗು ಹೀಗಿರುತ್ತದೆ:

“ನೀವು ಪಂಪಿನ ಬಿಲ್ಲು ಚೂಶಾನು. ಸರಿಚೇಸಿನ ಕಾಪೀ ಅವಸರಂಗಾ ಕಾವಾಲಿ. ಏದೈನಾ ತೊಂದರ ಉಂಟೇ ಚೆಪ್ಪಿ. ನೀ ಉತ್ತರಂ ಕೋಸಂ ಎದುರುಚೂಸ್ತುಂಟಾನು.”

ಓದುವವರಿಗೆ ತಲುಪುವುದು: ನೀನು ಕಳಿಸಿದ ಬಿಲ್ ನೋಡಿದೆ, ತಿದ್ದಿದ ಪ್ರತಿ ಅಗತ್ಯವಾಗಿ ಬೇಕು, ಏನಾದರೂ ಆತುರ ಇದ್ದರೆ ಹೇಳಿಬಿಟ್ಟು… ನಿನ್ನ ಕಾಗದಕ್ಕೆ ಕಾಯುತ್ತಿರುತ್ತೇನೆ. ಯಾವಾಗ ಬೇಕು ಎಂಬುದೇ ಮಾಯವಾಗಿದೆ, ಮರ್ಯಾದೆಯೂ ಹೋಗಿದೆ. ತಿದ್ದಿದ ಮೇಲೆ:

“ಮೀರು ಪಂಪಿನ ಬಿಲ್ಲು ಚೂಶಾನು. ಸರಿಚೇಸಿನ ಕಾಪೀ ವೆಂಟನೇ ಕಾವಾಲಿ. ಏದೈನಾ ಇಬ್ಬಂದಿ ಉಂಟೇ ತೆಲಿಯಜೇಯಂಡಿ. ಮೀ ಜವಾಬು ಕೋಸಂ ಎದುರುಚೂಸ್ತುಂಟಾನು.”

ಅವಸರದ ವಿಷಯದಲ್ಲಿ ತಾರೀಖು ಹಾಕುವುದು ಇನ್ನೂ ಒಳ್ಳೆಯದು. ‘ಗಡುವು’ ಎರಡೂ ಭಾಷೆಯಲ್ಲಿ ಒಂದೇ ಅರ್ಥದ ಪದ, ಅದನ್ನು ಧೈರ್ಯವಾಗಿ ಬಳಸಿ. ‘ವಾಯಿದಾ’ದಲ್ಲಿ ಮಾತ್ರ ಜೋಪಾನ: ಕನ್ನಡದ ವಾಯಿದೆ ಗೊತ್ತುಮಾಡಿದ ಅವಧಿ, ತೆಲುಗಿನಲ್ಲಿ ‘ವಾಯಿದಾ ಪಡಿಂದಿ’ ಎಂದರೆ ಮುಂದಕ್ಕೆ ಹೋಯಿತು. ‘ಸಮಾವೇಶಂ ವಾಯಿದಾ ಪಡಿಂದಿ’ ಎಂಬ ಮೇಲ್ ಬಂದರೆ ಯಾವುದೋ ದೊಡ್ಡ ಜನಸಮಾವೇಶದ ಸುದ್ದಿಯಲ್ಲ, ನಾಲ್ಕು ಜನರ ಮೀಟಿಂಗ್ ಮುಂದೂಡಿದ್ದಾರೆ. ನಾವು ಸಭೆ ಎನ್ನುವುದಕ್ಕೆ ಅವರು ಸಮಾವೇಶಂ ಎನ್ನುತ್ತಾರೆ. ‘ಸಭ’ ಎಂದರೆ ಅವರ ಮನಸ್ಸಿಗೆ ಬರುವುದು ವೇದಿಕೆ, ಮೈಕು, ಜನ.

ಹಣಕಾಸಿನ ಮೇಲ್‌ಗಳಲ್ಲಿ ‘ಜೀತಂ’ ಕಂಡರೆ ಗಾಬರಿಯಾಗಬೇಡಿ. ಅದು ಸಂಬಳ, ಸರ್ಕಾರಿ ಬರಹದಲ್ಲೂ ‘ಜೀತಭತ್ಯಾಲು’ ಎಂದೇ ಇರುತ್ತದೆ. ನಮ್ಮ ಜೀತಕ್ಕೆ ಅಲ್ಲಿ ‘ವೆಟ್ಟಿಚಾಕಿರಿ’. ‘ಉದ್ಯಮಂ’ ಮಾತ್ರ ಬರೆಯುವಾಗ ಎಚ್ಚರ ಬೇಕು: ಅಲ್ಲಿ ಅದು ಚಳವಳಿ. ನಮ್ಮ ಉದ್ಯಮಕ್ಕೆ ‘ಪರಿಶ್ರಮ’ ಎಂಬ ಪದವಿದೆ. ‘ಮಾ ಉದ್ಯಮಂ 20 ಏಳ್ಲುಗಾ ನಡುಸ್ತೋಂದಿ’ ಎಂದು ಪರಿಚಯ ಬರೆದರೆ 20 ವರ್ಷದಿಂದ ಹೋರಾಟ ನಡೆಸುತ್ತಿದ್ದೀರಿ ಎಂದು ತಿಳಿದಾರು.

ಸ್ಪೆಲ್‌ಚೆಕ್ ಇವುಗಳಲ್ಲಿ ಒಂದನ್ನೂ ಹಿಡಿಯದು, ಎಲ್ಲವೂ ತೆಲುಗಿನ ಸರಿಯಾದ ಪದಗಳೇ. ಕಳಿಸುವ ಮುಂಚೆ ಮೇಲ್‌ನಲ್ಲಿ ‘ಂ’ನಿಂದ ಮುಗಿಯುವ ಪದಗಳನ್ನಷ್ಟೇ ಒಮ್ಮೆ ಓದಿ, ಏಕೆಂದರೆ ಕನ್ನಡದ ಸಂಸ್ಕೃತ ಪದಕ್ಕೆ ಸೊನ್ನೆ ಸೇರಿಸಿ ತೆಲುಗು ಮಾಡಿಕೊಳ್ಳುವ ಅಭ್ಯಾಸದಿಂದಲೇ ಈ ತಪ್ಪುಗಳು ಹೆಚ್ಚಾಗಿ ಹುಟ್ಟುತ್ತವೆ. ಅನುಮಾನ ಬಂದದ್ದನ್ನು ತೆಲುಗು ಪತ್ರಿಕೆಗಳ ಜಾಲತಾಣದಲ್ಲಿ ಹುಡುಕಿ, ನಾಲ್ಕೈದು ವಾಕ್ಯ ಓದಿ. ಹಳೆಯ ನಿಘಂಟನ್ನೇ ನಂಬಬೇಡಿ. ಅವುಗಳಲ್ಲಿ ಸಂಸ್ಕೃತದ ಮೂಲ ಅರ್ಥವೂ ಸೇರಿರುತ್ತದೆ, ಅದನ್ನು ನೋಡಿ ನಿಮ್ಮ ಕನ್ನಡದ ಅರ್ಥವೇ ಸರಿ ಎನಿಸಿಬಿಡುತ್ತದೆ.