ರಂಜಾನ್‌ನ 27ನೇ ರಾತ್ರಿ ಯಾವ ದಿನ?

"ಮಂಡ್ಯದಲ್ಲಿ ಮೊದಲ ರೋಜಾ ಶುಕ್ರವಾರ. ಹಾಗಾದ್ರೆ 27ನೇ ರಾತ್ರಿ ಬುಧವಾರ ತಾನೆ? ದುಬೈನಲ್ಲಿರೋ ತಮ್ಮ ಸೋಮವಾರ ಅಂತಾನೆ. ಲೈಲತುಲ್ ಕದ್ರ್ ಯಾವ ರಾತ್ರಿ ಅಂತ ಖಚಿತವಾಗಿ ಯಾಕೆ ಹೇಳಿಲ್ಲ?"

ನಿಮಗೆ ಮಂಗಳವಾರ ರಾತ್ರಿ. ಇಸ್ಲಾಮಿ ದಿನ ಮಗ್ರಿಬ್‌ಗೆ ಶುರುವಾಗುತ್ತೆ, ರಾತ್ರಿ ಮೊದಲು, ಹಗಲು ಆಮೇಲೆ. ಮಂಗಳವಾರ 26ನೇ ರೋಜಾ. ಅದರ ಇಫ್ತಾರ್ ಆದ ಕೂಡಲೇ 27ನೇ ರಾತ್ರಿ, ಫಜ್ರ್‌ವರೆಗೆ. ಬುಧವಾರ ಸಂಜೆ ಎದ್ದು ಕೂತರೆ ಅದು 28. ತುಂಬಾ ಜನ ಎಡವೋದು ಇಲ್ಲೇ.

ತಮ್ಮನ ಲೆಕ್ಕವೂ ತಪ್ಪಲ್ಲ. ಅಲ್ಲಿ ಚಂದ್ರ ಒಂದು ದಿನ ಮೊದಲು ಕಂಡಿದ್ದರೆ ಅವರ ಬೆಸರಾತ್ರಿ ನಮಗೆ ಸಮರಾತ್ರಿ. ನೀವು ನಿಮ್ಮೂರಿನ ಚಂದ್ರದರ್ಶನದ ಲೆಕ್ಕವನ್ನೇ ಹಿಡಿಯಿರಿ.

ಖಚಿತ ರಾತ್ರಿಯನ್ನು ತಿಳಿಸಲೆಂದೇ ಪ್ರವಾದಿಯವರು ಹೊರಬಂದಿದ್ದರು. ಆಗ ಇಬ್ಬರು ಜಗಳವಾಡುತ್ತಿದ್ದರು, ಆ ತಿಳಿವಳಿಕೆ ಹಿಂತೆಗೆಯಲ್ಪಟ್ಟಿತು ಎಂದು ಉಬಾದಾ ಬಿನ್ ಸಾಮಿತ್ ವರದಿ ಮಾಡಿದ ಹದೀಸ್‌ನಲ್ಲಿದೆ. "ಬಹುಶಃ ಅದೇ ನಿಮಗೆ ಒಳಿತು" ಎಂದೂ ಅಲ್ಲೇ ಇದೆ.

ಇನ್ನೊಂದು ತೊಡಕು: "ಒಂಬತ್ತು, ಏಳು, ಐದು ಉಳಿದಿರುವಾಗ ಹುಡುಕಿ" ಎಂಬ ಹದೀಸೂ ಇದೆ. ಕೊನೆಯಿಂದ ಎಣಿಸಿದರೆ, ತಿಂಗಳು 30 ದಿನದ್ದಾದಾಗ ಇವು 22, 24, 26ನೇ ರಾತ್ರಿಗಳಾಗಬಹುದು. ತಿಂಗಳು 29ಕ್ಕೋ 30ಕ್ಕೋ ಮುಗಿಯೋದು ಶವ್ವಾಲ್ ಚಂದ್ರ ಕಂಡ ಮೇಲಷ್ಟೇ ಗೊತ್ತಾಗೋದು. ಅದಕ್ಕೇ ಬೆಸರಾತ್ರಿಗಳಿಗೆ ಒತ್ತು ಕೊಟ್ಟರೂ ಕೊನೆಯ ಹತ್ತು ರಾತ್ರಿಗಳಲ್ಲಿ ಯಾವುದನ್ನೂ ಬಿಡಬೇಡಿ. ರಾತ್ರಿಯಿಡೀ ಆಗದಿದ್ದರೆ ಇಶಾ, ಫಜ್ರ್ ಜಮಾಅತ್‌ನಲ್ಲಿ ತಪ್ಪಿಸದೆ ಮಾಡಿ, ಸೆಹರಿಗೆ ಅರ್ಧ ಗಂಟೆ ಮೊದಲೇ ಏಳಿ.